ಹಾಲು-ತುಪ್ಪ ಗುರುವಾರ, ಹನ್ನೊಂದನೇ ದಿನವೂ ಗುರುವಾರ: ತಂಗಿ ಮಗನಿಗೆ ಸೂತಕದ ಲೆಕ್ಕ

ಅರಕಲಗೂಡು ದೊಡ್ಡಮ್ಮ

ನಮ್ಮಪ್ಪ ತೀರಿಕೊಂಡು ಇವತ್ತಿಗೆ ಹದಿನಾರು ದಿನ. 87 ವರ್ಷ ಆಗಿತ್ತು, ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ನಾವು ಒಕ್ಕಲಿಗರು, ತವರು ಅರಕಲಗೂಡು ತಾಲ್ಲೂಕು, ರಾಮನಾಥಪುರಕ್ಕೆ ಹತ್ತಿರ. ಮಣ್ಣು ಮಾಡುವವರು, ಸುಡುವವರಲ್ಲ.

ಬೆಂಗಳೂರಿನಲ್ಲಿರುವ ನನ್ನ ತಂಗಿ ಮಗ ಮಣ್ಣಿಗೂ ಬಂದ, ಹಾಲು-ತುಪ್ಪಕ್ಕೂ ಇದ್ದ, ಆಮೇಲೆ ಕೆಲಸಕ್ಕೆ ಹೋದ. ಹೊರಡುವಾಗ "ಹನ್ನೊಂದನೇ ದಿನಕ್ಕೆ ಬಾ ಮಗ" ಅಂದಿದ್ದೆ. ಯಾವ ವಾರ ಅಂತ ಹೇಳಲಿಲ್ಲ. ಹಾಲು-ತುಪ್ಪ ಗುರುವಾರ ಆಗಿತ್ತಲ್ಲ, ಅದು ಮೂರನೇ ದಿನ ಅಂದರೆ ಹನ್ನೊಂದು ಶುಕ್ರವಾರ ಬರುತ್ತದೆ ಅಂತ ಅವನು ಲೆಕ್ಕ ಹಾಕಿ ಶುಕ್ರವಾರಕ್ಕೆ ರಜೆ ಬರೆದುಕೊಟ್ಟ. ನಾವು ತಿಥಿಯನ್ನು ಗುರುವಾರವೇ ಮಾಡಿಬಿಟ್ಟಿದ್ದೆವು. ಗುರುವಾರ ಸಂಜೆ ಅವನು ಬಸ್ಸಿಳಿದು ಬರುವಾಗ ಶಾಮಿಯಾನ ಬಿಚ್ಚಿ ಎತ್ತಿನಗಾಡಿ ಪಕ್ಕ ಸುತ್ತಿಟ್ಟಿದ್ದರು. ಹುಡುಗ ಜಗಲಿ ಮೇಲೆ ಬ್ಯಾಗು ಇಟ್ಟು ಕೂತವನು ಒಳಗೆ ಬರಲು ಅರ್ಧ ಗಂಟೆ ತೆಗೆದುಕೊಂಡ. ತಾತ ಅಂದರೆ ಅವನಿಗೆ ಅಷ್ಟು ಪ್ರಾಣ.

ಆವತ್ತು ರಾತ್ರಿ ಅವನು ನನ್ನನ್ನು ಒಂದೊಂದಾಗಿ ಕೇಳಿದ. ಗುರುವಾರ ಮೂರನೇ ದಿನವಾದರೆ ಮುಂದಿನ ಗುರುವಾರ ಹತ್ತಲ್ಲವಾ, ಹನ್ನೊಂದು ಹೇಗಾಯಿತು? ನನಗೆ ಮೂರೇ ದಿನ ಸೂತಕ ಅಂದರು, ಮಾವನಿಗೆ ಹತ್ತು ದಿನ ಅಂದರು, ಹಾಗಾದರೆ ತಾತನಿಗೆ ನಾನು ಯಾರೂ ಅಲ್ಲವಾ? ನನಗೆ ಗೊತ್ತಿದ್ದಷ್ಟು ಹೇಳಿದೆ. ಅದನ್ನೇ ಇಲ್ಲೂ ಬರೆಯುತ್ತೇನೆ, ಅವನು ಇಲ್ಲಿ ಓದುತ್ತಾನೆ. ತಪ್ಪಿದ್ದರೆ ತಿಳಿದವರು ತಿದ್ದಿ.

ಅಪ್ಪನ ಉಸಿರು ನಿಂತಿದ್ದು ಸೋಮವಾರ ರಾತ್ರಿ ಮಲಗಿದ ಮೇಲೆ, ಗಡಿಯಾರದಲ್ಲಿ 1.40. ಮೊಬೈಲು ನೋಡಿದರೆ ಅದು ಮಂಗಳವಾರ. ಊರಿನ ಲೆಕ್ಕಕ್ಕೆ ಇನ್ನೂ ಸೋಮವಾರವೇ, ಹೊತ್ತು ಹುಟ್ಟಿದ ಮೇಲಲ್ಲವಾ ಮಂಗಳವಾರ ಶುರುವಾಗುವುದು? ಹಾಗಾಗಿ ಸೂತಕದ ಒಂದನೇ ದಿನ ಸೋಮವಾರ. ಅಲ್ಲಿಂದ ಎಣಿಸಿದರೆ ಹತ್ತನೇ ದಿನ ಬುಧವಾರ, ಹನ್ನೊಂದು ಗುರುವಾರ. ಆದರೆ ಹಾಲು-ತುಪ್ಪಕ್ಕೆ ನಮ್ಮೂರಲ್ಲಿ ಮಣ್ಣು ಮಾಡಿದ ದಿನದಿಂದ ಎಣಿಸುತ್ತಾರೆ. ಮಣ್ಣಾಗಿದ್ದು ಮಂಗಳವಾರ ಮಧ್ಯಾಹ್ನ, ಮೂರನೆಯದು ಗುರುವಾರ. ಎರಡು ಲೆಕ್ಕ ಬೇರೆ ಬೇರೆ ಕಡೆಯಿಂದ ಶುರುವಾದವು ಅನ್ನುವುದನ್ನು ಆ ಗಲಾಟೆಯಲ್ಲಿ ಯಾರೂ ಅವನಿಗೆ ಹೇಳಲಿಲ್ಲ.

ಬೇಲೂರು ಕಡೆಯವನು

ಅಮ್ಮಾ, ಶುಕ್ರವಾರ ತಿಥಿ ಆಗಬಾರದು ಅಂತ ಒಂದು ದಿನ ಹಿಂದಕ್ಕೆ ತಂದಿರುತ್ತಾರೆ ನೋಡಿ. ನಮ್ಮ ಕಡೆ ಮಂಗಳವಾರ, ಶುಕ್ರವಾರ ಹಾಲು-ತುಪ್ಪ ಬಿಡುವುದಿಲ್ಲ, ಹಿಂದೆಮುಂದೆ ಮಾಡಿಕೊಳ್ಳುತ್ತೇವೆ. ಇನ್ನೊಂದು ವಿಷಯ, ಎಣಿಕೆ ಯಾವಾಗಲೂ ಮಣ್ಣು ಮಾಡಿದ ದಿನದಿಂದಲೇ. ಹೆಣ ಮನೆಯಲ್ಲಿರುವವರೆಗೆ ಅದು ಸೂತಕವೇ ಅಲ್ಲ, ಮಣ್ಣಾದ ಮೇಲೆಯೇ ಶುರು.

ಪುರೋಹಿತರ ಮನೆಯವನು

ಬೇಲೂರಿನವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ದಹನದ ದಿನದಿಂದ ಎಣಿಸಬೇಕು ಅನ್ನುವ ಮಾತು ಶಾಸ್ತ್ರದಲ್ಲಿ ಇರುವುದು ನಿತ್ಯ ಅಗ್ನಿಹೋತ್ರ ಇಟ್ಟುಕೊಂಡವರಿಗೆ. ಮಿಕ್ಕ ಎಲ್ಲರಿಗೂ ಸಾವು ಆದ ದಿನದಿಂದಲೇ ಎಣಿಕೆ, ಆ ದಿನವೂ ಸೇರಿ ಹತ್ತು. ಹೆಣ ಮನೆಯಲ್ಲಿದ್ದಾಗ ಸೂತಕ ಇಲ್ಲ ಅನ್ನುವುದು ಸರಿಯಲ್ಲ. ಆವತ್ತು ದೇವರ ಮನೆಯಲ್ಲಿ ದೀಪ ಹಚ್ಚುವುದಿಲ್ಲವಲ್ಲ, ಅದು ಯಾಕೆ ಮತ್ತೆ?

ದೊಡ್ಡಮ್ಮನವರ ಮನೆಯಲ್ಲಿ ಹಾಲು-ತುಪ್ಪವನ್ನು ಮಣ್ಣಿನ ದಿನದಿಂದ ಎಣಿಸಿದ್ದೂ ತಪ್ಪಲ್ಲ. ಹಾಲು-ತುಪ್ಪ ಸಮಾಧಿಗೆ ಸಂಬಂಧಪಟ್ಟ ಕೆಲಸ, ಊರಿನ ವಾಡಿಕೆ ಹೇಗೋ ಹಾಗೆ. ಹತ್ತು ದಿನ ಮನೆಯವರ ಮೈಗೆ ಸಂಬಂಧಪಟ್ಟದ್ದು. ಎರಡನ್ನೂ ಒಂದೇ ದಾರಕ್ಕೆ ಪೋಣಿಸಿದರೆ ಆ ಹುಡುಗನಿಗೆ ಆದ ಹಾಗೆ ಒಂದು ದಿನ ವ್ಯತ್ಯಾಸ ಬರುತ್ತದೆ.

ರಾತ್ರಿ ಸತ್ತರೆ ಯಾವ ದಿನ ಅನ್ನುವುದರಲ್ಲಿ ಮೊದಲಿನಿಂದಲೂ ಮೂರು ಪಕ್ಷ ಇವೆ. ಸೂರ್ಯ ಹುಟ್ಟುವವರೆಗೆ ಹಿಂದಿನ ದಿನವೇ ಅನ್ನುವುದು ಒಂದು. ನಡುರಾತ್ರಿ ದಾಟಿದರೆ ಮಾರನೇ ದಿನ ಅನ್ನುವುದು ಇನ್ನೊಂದು. ರಾತ್ರಿಯನ್ನು ಮೂರು ಪಾಲು ಮಾಡಿ ಮೊದಲ ಎರಡು ಪಾಲು ಹಿಂದಿನ ದಿನಕ್ಕೆ, ಕೊನೆಯದು ಮುಂದಿನ ದಿನಕ್ಕೆ ಅನ್ನುವುದು ಮೂರನೆಯದು. ಸಂಜೆ ಆರೂವರೆಗೆ ಹೊತ್ತು ಮುಳುಗಿ ಬೆಳಿಗ್ಗೆ ಆರೂವರೆಗೆ ಹುಟ್ಟಿತು ಅಂದುಕೊಳ್ಳಿ. ಹನ್ನೆರಡು ಗಂಟೆಯಲ್ಲಿ ಒಂದೊಂದು ಪಾಲು ನಾಲ್ಕು ಗಂಟೆ, ಎರಡು ಪಾಲು ಮುಗಿಯುವುದು ಎರಡೂವರೆಗೆ. 1.40 ಅಂದರೆ ಮೊದಲ ಮತ್ತು ಮೂರನೇ ಪಕ್ಷ ಎರಡಕ್ಕೂ ಸೋಮವಾರವೇ. ನಡುರಾತ್ರಿ ಲೆಕ್ಕದವರಿಗೆ ಮಾತ್ರ ಮಂಗಳವಾರ. ಅದೇ ಮೂರೂವರೆಗೆ ಹೋಗಿದ್ದರೆ ನಿಮ್ಮ ಪುರೋಹಿತರು ಇನ್ನೊಮ್ಮೆ ಯೋಚಿಸಬೇಕಿತ್ತು. ಅದಕ್ಕೇ ಉಸಿರು ನಿಂತ ಗಳಿಗೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ ಅಂತ ನಮ್ಮ ತಂದೆ ಎಲ್ಲರಿಗೂ ಹೇಳುತ್ತಿದ್ದರು. ನಾಲ್ಕು ದಿನ ಕಳೆದ ಮೇಲೆ ಕೇಳಿದರೆ ಒಬ್ಬರು ಒಂದೂವರೆ ಅನ್ನುತ್ತಾರೆ, ಇನ್ನೊಬ್ಬರು ಮೂರು ಗಂಟೆ ಅನ್ನುತ್ತಾರೆ.

ಬೇಲೂರು ಕಡೆಯವನು

ಸ್ವಾಮಿ, ನಮ್ಮ ಅಜ್ಜಿ ಕಾಲದಿಂದ ನಮ್ಮ ಮನೆಯಲ್ಲಿ ಮಣ್ಣಿನ ದಿನದಿಂದಲೇ ತಿಥಿ ಎಣಿಸಿದ್ದೇವೆ. ಅದು ತಪ್ಪು ಅಂತ ನಾನು ಒಪ್ಪುವುದಿಲ್ಲ. ಮನೆ ಪದ್ಧತಿ ದೊಡ್ಡದು.

ಪುರೋಹಿತರ ಮನೆಯವನು

ನಿಮ್ಮ ಮನೆ ಪದ್ಧತಿ ಬಿಡಿ ಅಂತ ನಾನೂ ಹೇಳುವುದಿಲ್ಲ. ಸಾಮಾನ್ಯವಾಗಿ ಸತ್ತ ದಿನವೇ ಮಣ್ಣಾಗುವುದರಿಂದ ಎರಡು ಲೆಕ್ಕವೂ ಒಂದೇ ಕಡೆ ಬಂದು ನಿಲ್ಲುತ್ತದೆ, ವ್ಯತ್ಯಾಸ ಕಾಣುವುದಿಲ್ಲ. ಹೊರದೇಶದಿಂದ ಮಗ ಬರಲಿ ಅಂತ ಮೂರು ದಿನ ಶವ ಇಟ್ಟುಕೊಂಡಾಗ ಜಗಳ ಶುರುವಾಗುತ್ತದೆ.

ಕಡೂರು ಶರಣ

ನನ್ನದೊಂದು ಪ್ರಶ್ನೆ. ಅಪ್ಪನವರು ತೀರಿಕೊಂಡ ನಕ್ಷತ್ರ ಯಾವುದು? ನಮ್ಮ ಪಕ್ಕದ ಮನೆಯವರು ನಕ್ಷತ್ರ ಕೆಟ್ಟದ್ದು ಅಂತ ಮೂರು ತಿಂಗಳು ಮನೆಗೆ ಬೀಗ ಹಾಕಿ ಬಾಡಿಗೆ ಮನೆಯಲ್ಲಿದ್ದರು. ಅವರಿಗೂ ಸೂತಕ ಮೂರು ತಿಂಗಳಾ?

ನಾವು ಲಿಂಗಾಯತರು. ಸೂತಕ ಇಲ್ಲ ಅಂತಲೇ ನಮ್ಮ ಧರ್ಮ ಹೇಳುವುದು. ನಮ್ಮ ತಾಯಿ ಲಿಂಗೈಕ್ಯರಾದಾಗ ಕೂರಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಇಷ್ಟಲಿಂಗ ಇಟ್ಟು ಕ್ರಿಯಾಸಮಾಧಿ ಮಾಡಿದೆವು. ಮಾರನೇ ದಿನ ಬೆಳಿಗ್ಗೆ ಎಂದಿನಂತೆ ಲಿಂಗಪೂಜೆ ಮಾಡಿಕೊಂಡೆ. ಆದರೂ ನಮ್ಮ ಬೀದಿಯ ಲಿಂಗಾಯತರೇ ಹನ್ನೊಂದು ದಿನ ದೇವಸ್ಥಾನಕ್ಕೆ ಹೋಗಬೇಡ ಅಂದರು, ಅವರ ಮಾತು ಮೀರಲು ನನಗೆ ಆಗಲಿಲ್ಲ. ಇವತ್ತಿಗೂ ಅದು ಮನಸ್ಸಿನಲ್ಲಿದೆ.

ಪುರೋಹಿತರ ಮನೆಯವನು

ಅದು ಸೂತಕ ಅಲ್ಲ ಅಣ್ಣ, ನಕ್ಷತ್ರದೋಷ. ಧನಿಷ್ಠೆಯ ಉತ್ತರಾರ್ಧದಿಂದ ರೇವತಿವರೆಗೆ ಸಾವಾದರೆ ಪಂಚಕ ಅಂತ ಮನೆ ಬಿಡುವ ವಾಡಿಕೆ ಇದೆ. ಬೇರೆ ಕೆಲವು ನಕ್ಷತ್ರಕ್ಕೂ ತಿಂಗಳ ಲೆಕ್ಕ ಹೇಳುತ್ತಾರೆ, ಒಂದು ಪಂಚಾಂಗಕ್ಕೂ ಇನ್ನೊಂದಕ್ಕೂ ಹೊಂದುವುದಿಲ್ಲ. ಮನೆ ಬಿಟ್ಟವರಿಗೂ ಮೈಲಿಗೆ ಹತ್ತು ದಿನಕ್ಕೇ ಮುಗಿಯುತ್ತದೆ. ಶಾಂತಿ ಮಾಡಿಸಿ ಅದೇ ಮನೆಯಲ್ಲಿ ಇರುವವರೂ ಬಹಳ ಜನ.

ಅರಕಲಗೂಡು ದೊಡ್ಡಮ್ಮ

ನಮ್ಮಪ್ಪನ ನಕ್ಷತ್ರಕ್ಕೆ ಅಂಥದ್ದೇನೂ ಇರಲಿಲ್ಲ ಅಣ್ಣ. ಈಗ ನನ್ನ ಹುಡುಗನ ಇನ್ನೊಂದು ಪ್ರಶ್ನೆಗೆ ಬರುತ್ತೇನೆ, ಅದು ನನ್ನ ಪ್ರಶ್ನೆಯೂ ಹೌದು.

ನಮ್ಮ ತಮ್ಮ, ಅವನ ಹೆಂಡತಿ, ಚಿಕ್ಕಪ್ಪಂದಿರ ಮಕ್ಕಳು, ಏಳು ತಲೆಯವರೆಗಿನ ದಾಯಾದಿಗಳು, ಇವರಿಗೆಲ್ಲ ಹತ್ತು ದಿನ. ಕೊಟ್ಟ ಹೆಣ್ಣುಮಕ್ಕಳಾದ ನನಗೂ ತಂಗಿಗೂ ಮೂರು ದಿನ. ಹೆಣ್ಣುಮಗಳ ಮಗನಿಗೂ ಮೂರು. ಎರಡು ತಿಂಗಳು ಅಪ್ಪನ ಹಾಸಿಗೆ ಬದಲಾಯಿಸಿದ್ದು ನಾನು. ವರ್ಷಕ್ಕೊಮ್ಮೆ ಹಬ್ಬಕ್ಕೆ ಮುಖ ತೋರಿಸುವ ದಾಯಾದಿಗೆ ಹತ್ತು ದಿನ, ನನಗೆ ಮೂರು. ನಾಲ್ಕನೇ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಚ್ಚಲಲ್ಲೇ ಅತ್ತೆ. ಹುಡುಗನಿಗೆ ಏನು ಹೇಳಲಿ?

ನಾನು ಹೇಳಿದ್ದು ಇಷ್ಟು. ಸೂತಕ ಅಂದರೆ ದುಃಖದ ಅಳತೆ ಅಲ್ಲ ಮಗ, ಯಾವ ಮನೆಯ ಒಲೆ, ಯಾವ ಮನೆಯ ದೇವರ ದೀಪ ನಿಲ್ಲಬೇಕು ಅನ್ನುವ ಲೆಕ್ಕ. ನನ್ನ ಒಲೆ ಗಂಡನ ಮನೆಯದು, ಅಲ್ಲಿ ದೀಪ ಮೂರು ದಿನಕ್ಕಿಂತ ಹೆಚ್ಚು ನಿಲ್ಲಬಾರದು ಅಂತ ಹಿರಿಯರು ಮಾಡಿದ್ದಿರಬೇಕು. ನಾನು ಹನ್ನೊಂದು ಮುಗಿಯುವವರೆಗೂ ತವರಿನಲ್ಲೇ ಇದ್ದೆ. ಯಾರೂ ಬೇಡ ಅನ್ನಲಿಲ್ಲ.

ಪುರೋಹಿತರ ಮನೆಯವನು

ಸರಿಯಾಗಿ ಹೇಳಿದ್ದೀರಿ. ಒಂದು ಮಾತು ಸೇರಿಸುತ್ತೇನೆ. ಮೂರು ದಿನ ಕಳೆದ ಮೇಲೂ ನೀವು ಸೂತಕದ ಮನೆಯಲ್ಲೇ ಉಂಡು ಮಲಗಿದ್ದರೆ ನಿಮಗೂ ಆ ಮನೆಯವರ ಜೊತೆಗೇ ಮೈಲಿಗೆ ಕಳೆಯುವುದು. ಹಾಗಾಗಿ ನೀವು ಹಿಡಿದದ್ದು ಹತ್ತು ದಿನವೇ.

ಮಂಗಳೂರಿನಲ್ಲಿರುವ ಸಕಲೇಶಪುರದವಳು

ನನಗೆ ನನ್ನ ಅಣ್ಣನದು ಕೇಳಬೇಕಿತ್ತು. ಅವನು ಹಡಗಿನಲ್ಲಿ ಕೆಲಸ ಮಾಡುತ್ತಾನೆ. ದೊಡ್ಡಪ್ಪ ಹೋದ ಸುದ್ದಿ ಅವನಿಗೆ ಏಳನೇ ದಿನ ಸಿಕ್ಕಿತು. ಅಮ್ಮ ಅವನಿಗೆ ಅವತ್ತಿನಿಂದ ಹತ್ತು ದಿನ ಹಿಡಿ ಅಂದರು. ಹಡಗಿನಲ್ಲಿ ಗಡ್ಡ ಬಿಟ್ಟುಕೊಂಡು ಇದ್ದ, ಮೇಲಿನವರು ಗದರಿದರಂತೆ. ಅದು ಬೇಕಿತ್ತಾ?

ಪುರೋಹಿತರ ಮನೆಯವನು

ಬೇಕಿರಲಿಲ್ಲ ತಂಗಿ. ದೊಡ್ಡಪ್ಪ ಅಂದರೆ ದಾಯಾದಿ ಸೂತಕ. ಹತ್ತು ದಿನದ ಒಳಗೆ ಸುದ್ದಿ ಬಂದರೆ ಉಳಿದ ದಿನ ಮಾತ್ರ. ಏಳನೇ ದಿನ ಕೇಳಿದ್ದರಿಂದ ಅವತ್ತೂ ಸೇರಿ ನಾಲ್ಕು ದಿನ, ಊರಿನವರ ಜೊತೆಗೇ ಮುಗಿಯುತ್ತಿತ್ತು. ಹತ್ತು ಕಳೆದ ಮೇಲೆ ಕೇಳಿದ್ದರೆ ಕೇಳಿದ ದಿನದಿಂದ ಮೂರು. ತಂದೆ ತಾಯಿ ಆದರೆ ಮಾತ್ರ ಬೇರೆ, ಮಗನಿಗೆ ಯಾವಾಗ ಸುದ್ದಿ ಮುಟ್ಟಿತೋ ಆವತ್ತಿನಿಂದ ಪೂರ್ತಿ ಹತ್ತು. ನಿಮ್ಮ ತಾಯಿಯವರು ಆ ನಿಯಮವನ್ನು ದೊಡ್ಡಪ್ಪನಿಗೆ ಹಚ್ಚಿದ್ದಾರೆ.

ತಾತನ ಮೊಮ್ಮಗ

ದೊಡ್ಡಮ್ಮ, ನಾನೇ. ಎಲ್ಲ ಓದಿದೆ. ಹಾಲು-ತುಪ್ಪದ ದಿನ ಕಾಗೆ ಬರದೆ ಇದ್ದಾಗ ನೀವು ತೋಟದಲ್ಲಿ ಮಾವನ ಕಿವಿಯಲ್ಲಿ ಏನು ಹೇಳಿದಿರಿ? ಅದನ್ನು ಕೇಳಬೇಕು ಅಂತ ಅವತ್ತಿನಿಂದ ಇದೆ. ಮತ್ತೆ ಅವತ್ತು ನಾನು ಹೊರಡುವಾಗ ಎಲ್ಲರಿಗೂ ಕೈಮುಗಿದು "ಹೋಗಿ ಬರ್ತೀನಿ" ಅಂದೆ, ಅಜ್ಜಿ ಮುಖ ತಿರುಗಿಸಿದರು. ಬೇಜಾರಾಗಿದ್ದರಾ?

ಅರಕಲಗೂಡು ದೊಡ್ಡಮ್ಮ

ಅಜ್ಜಿಗೆ ನಿನ್ನ ಮೇಲೆ ಯಾಕೆ ಬೇಜಾರು ಮಗ? ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನಬಾರದು. ಇಂಥ ಕಾರಣಕ್ಕೆ ಮತ್ತೆ ಬರುವ ಹಾಗಾಗದಿರಲಿ ಅಂತ. ಸುಮ್ಮನೆ ಎದ್ದು ಹೊರಡುವುದು, ಅವರೂ ಕೂತಲ್ಲಿಂದ ಏಳುವುದಿಲ್ಲ. ಸೂತಕದಲ್ಲಿ ನಮಸ್ಕಾರ ಮಾಡುವುದೂ ಇಲ್ಲ, ಹಿರಿಯರು ಆಶೀರ್ವಾದ ಮಾಡುವ ಹಾಗಿಲ್ಲ. ಅದಕ್ಕೇ ಅಜ್ಜಿ ತಿರುಗಿದ್ದು.

ಹಾಲು-ತುಪ್ಪದ್ದು ಇನ್ನೊಮ್ಮೆ ಹೇಳುತ್ತೇನೆ, ನೀನು ಅವತ್ತು ಹಿಂದೆ ನಿಂತಿದ್ದೆ, ಎಲ್ಲ ಕಂಡಿರಲಿಕ್ಕಿಲ್ಲ. ನಾಯಿ ನರಿ ಕೆದಕದ ಹಾಗೆ ಗುಡ್ಡೆ ಮೇಲೆ ಜಾಲಿಮುಳ್ಳು ಹಾಕಿದ್ದೆವಲ್ಲ, ಅದನ್ನು ಮಾವ ಮೊದಲು ತೆಗೆದ. ಕುಸಿದ ಕಡೆ ಮಣ್ಣು ಎಳೆದು ನೀರು ಚಿಮುಕಿಸಿ ಕೈಯಲ್ಲೇ ಸವರಿದ. ತಲೆ ಕಡೆ ತುಳಸಿ ನೆಟ್ಟ. ಆಮೇಲೆ ಗರಿಕೆಯನ್ನು ಹಾಲಿಗೆ ಅದ್ದಿ ತಲೆ, ಎದೆ, ಕಾಲು ಅಂತ ಮೂರು ಕಡೆ ಬಿಟ್ಟ, ತುಪ್ಪವನ್ನೂ ಹಾಗೇ. ಒಬ್ಬೊಬ್ಬರಾಗಿ ನಾವೆಲ್ಲ ಬಿಟ್ಟೆವು. ನೀನೂ ಬಿಟ್ಟೆ. ನಿನ್ನ ಕೈ ನಡುಗಿ ಹಾಲು ಪೂರ್ತಿ ಒಂದೇ ಕಡೆ ಚೆಲ್ಲಿತು, ಪರವಾಗಿಲ್ಲ, ಅದು ತಾತನ ಎದೆ ಇರುವ ಕಡೆ ಬಿತ್ತು.

ಬಾಳೆಎಲೆ ಮೇಲೆ ಎಡೆ ಇಟ್ಟೆವು. ರಾಗಿಮುದ್ದೆ, ಉಪ್ಸಾರು, ಅನ್ನ, ಬೆಲ್ಲದ ಕಾಫಿ ಒಂದು ಲೋಟ, ಎಲೆಅಡಿಕೆ ಜೊತೆಗೆ ಹೊಗೆಸೊಪ್ಪು. ಹೊಗೆಸೊಪ್ಪು ಬೇಡ ಅಂತ ಡಾಕ್ಟರು ಹೇಳಿದ ಮೇಲೆ ಎರಡು ತಿಂಗಳು ನಾನೇ ಬಚ್ಚಿಟ್ಟಿದ್ದೆ, ಅವತ್ತು ನಾನೇ ತಂದಿಟ್ಟೆ. ಎಲ್ಲರೂ ದೂರ ಹೋಗಿ ನಿಂತೆವು. ತೆಂಗಿನ ಮರದ ಮೇಲೆ ಕಾಗೆ ಕೂತಿತ್ತು, ಇಳಿಯಲಿಲ್ಲ. ಇಪ್ಪತ್ತು ನಿಮಿಷ ಆಯಿತು. ಮನಸ್ಸಿನಲ್ಲಿ ಏನೋ ಆಸೆ ಉಳಿದಿದೆ, ಹೇಳಿಕೊಳ್ಳಿ ಅಂತ ಹಿರಿಯರು ಅಂದರು. ಮಾವ "ಕೊಟ್ಟಿಗೆ ಸೂರು ರಿಪೇರಿ ಮಾಡಿಸ್ತೀನಪ್ಪ" ಅಂದ, ಕಾಗೆ ಅಲ್ಲಾಡಲಿಲ್ಲ. ಆಗ ನಾನು ಅವನ ಕಿವಿಯಲ್ಲಿ ಹೇಳಿದ್ದು, "ಅವ್ವನ ಬಳೆ ವಿಷಯ ಹೇಳು" ಅಂತ. ಅಪ್ಪ ಕೊನೆಯ ವಾರ ನನ್ನ ಕೈ ಹಿಡಿದು, ನಾನು ಹೋದ ಮೇಲೆ ನಿಮ್ಮವ್ವನ ಕೈ ಬರಿದು ಮಾಡಬೇಡಿ ಅಂದಿದ್ದರು. ಮಾವ ಗಟ್ಟಿಯಾಗಿ ಹೇಳಿದ, "ಅವ್ವನ ಬಳೆ ತೆಗೆಯಲ್ಲ, ಹೋಗಪ್ಪ." ಅದಾಗಿ ಎಷ್ಟೋ ಹೊತ್ತಿನ ಮೇಲೆ ಕಾಗೆ ಇಳಿದು ಮುದ್ದೆ ಮುಟ್ಟಿತು.

ಬೇಲೂರು ಕಡೆಯವನು

ಕಾಗೆ ಕಡೆಗೂ ಬಾರದಿದ್ದರೆ ಹಸುವಿಗೆ ಕೊಡಬಹುದು, ಇಲ್ಲ ಹರಿಯುವ ನೀರಿಗೆ ಬಿಡಬಹುದು. ನಮ್ಮ ಮನೆಯಲ್ಲಿ ಹಾಗೆ ಮಾಡಿದ್ದೇವೆ. ತೋಟಕ್ಕೆಲ್ಲ ಔಷಧಿ ಹೊಡೆಯುವುದು ಜಾಸ್ತಿಯಾಗಿ ಕಾಗೆಗಳೇ ಕಡಿಮೆ ನಮ್ಮಲ್ಲಿ. ಅದಕ್ಕೆ ಅಪ್ಪನಿಗೆ ತೃಪ್ತಿ ಇಲ್ಲ ಅಂತ ಯಾರೂ ಕೊರಗಬೇಡಿ.

ಆದರೆ ಅಮ್ಮಾ, ಬಳೆ ವಿಷಯದಲ್ಲಿ ದಾಯಾದಿಗಳು ಸುಮ್ಮನಿದ್ದರಾ?

ಅರಕಲಗೂಡು ದೊಡ್ಡಮ್ಮ

ಸುಮ್ಮನಿರಲಿಲ್ಲ. ಹತ್ತನೇ ದಿನ ಬುಧವಾರ, ಗಂಡಸರೆಲ್ಲ ರಾಮನಾಥಪುರಕ್ಕೆ ಹೋಗಿ ಹೊಳೆಯಲ್ಲಿ ಮುಳುಗಿ ತಲೆ ಬೋಳಿಸಿಕೊಂಡು ಬಂದರು. ಇತ್ತ ಮನೆಯಲ್ಲಿ ಇಬ್ಬರು ದೊಡ್ಡ ಹೆಂಗಸರು ಅವ್ವನನ್ನು ಹಿತ್ತಲಿಗೆ ಕರೆದರು, ಬಳೆ ಒಡೆಯಲು. ನಾನು ತಂಗಿ ಇಬ್ಬರೂ ಅವ್ವನ ಎರಡು ಕಡೆ ಕೂತೆವು. ಎದ್ದೇಳಲಿಲ್ಲ. ಒಂದಷ್ಟು ಮಾತಾಯಿತು. ಅವ್ವ ಮಾತ್ರ ಏನೂ ಹೇಳಲಿಲ್ಲ. ಕೊನೆಗೆ ಅವ್ವನೇ ಹಸಿರು ಗಾಜಿನ ಬಳೆ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡರು, ಅಪ್ಪ ಮಾಡಿಸಿಕೊಟ್ಟ ಎರಡು ಚಿನ್ನದ ಬಳೆ ಕೈಯಲ್ಲೇ ಉಳಿಸಿಕೊಂಡರು. ಅದು ಗೆದ್ದದ್ದೋ ಸೋತದ್ದೋ ನನಗೆ ಗೊತ್ತಾಗುತ್ತಿಲ್ಲ. ಕುಂಕುಮದ ಮಾತು ಇನ್ನೂ ಯಾರೂ ಎತ್ತಿಲ್ಲ.

ಮಂಗಳೂರಿನಲ್ಲಿರುವ ಸಕಲೇಶಪುರದವಳು

ನಮ್ಮ ಅಮ್ಮನಿಗೆ ಎಲ್ಲ ತೆಗೆಸಿದರು. ಆಗ ನಾನು ಹದಿನಾಲ್ಕು ವರ್ಷದವಳು, ಬಾಗಿಲ ಹಿಂದೆ ನಿಂತು ಒಡೆದ ಸದ್ದು ಕೇಳಿದೆ. ನೀವು ಕೂತಿರಲ್ಲ, ಅಷ್ಟು ಸಾಕು ಅಮ್ಮ.

ಪುರೋಹಿತರ ಮನೆಯವನು

ಹತ್ತು ದಿನದ ಸೂತಕ ಕಳೆಯಲು ಸ್ನಾನ, ಮನೆ ಸಾರಿಸುವುದು, ಪುಣ್ಯಾಹ ಇವು ಬೇಕು. ಬಳೆ ಒಡೆಯದಿದ್ದರೆ ಸೂತಕ ಕಳೆಯುವುದಿಲ್ಲ ಅಂತ ಯಾರಾದರೂ ಹೆದರಿಸಿದ್ದರೆ ಅದನ್ನು ಒಪ್ಪಬೇಡಿ. ನಮ್ಮ ಮನೆಯಲ್ಲೂ ಇದರ ಬಗ್ಗೆ ಒಮ್ಮತ ಇಲ್ಲ, ನನ್ನ ಅಭಿಪ್ರಾಯ ಇದು.

ಮಾತಿನ ನಡುವೆ ಒಂದು ಕೆಲಸ ಮರೆಯಬೇಡಿ. ಮರಣ ನೋಂದಣಿ ಆಗಿದೆಯಾ? 21 ದಿನದೊಳಗೆ ಆಗಬೇಕು, ತಡವಾದರೆ ದಂಡ, ಓಡಾಟ. ಅಲ್ಲಿ ಸೋಮವಾರ ಅಂತ ಬರೆಸಬೇಡಿ. ಸರ್ಕಾರಕ್ಕೆ ನಡುರಾತ್ರಿ ದಾಟಿದರೆ ಮಂಗಳವಾರ. ಪ್ರಮಾಣಪತ್ರದಲ್ಲಿ ಒಂದು ತಾರೀಖು, ಆಸ್ಪತ್ರೆ ಚೀಟಿ ಅಥವಾ ಬೇರೆ ಕಾಗದದಲ್ಲಿ ಇನ್ನೊಂದು ಇದ್ದರೆ ಪೌತಿ ಖಾತೆ ಮಾಡಿಸುವಾಗ ತೊಂದರೆ.

ಅರಕಲಗೂಡು ದೊಡ್ಡಮ್ಮ

ಒಳ್ಳೆಯದಾಯಿತು ಹೇಳಿದ್ದು. ತಮ್ಮನಿಗೆ ಈಗಲೇ ಫೋನು ಮಾಡಿದೆ. ಅವನು ಪುರೋಹಿತರ ಚೀಟಿಯನ್ನೇ ತೆಗೆದುಕೊಂಡು ಹೋಗುವುದರಲ್ಲಿದ್ದ, ಅದರಲ್ಲಿ ಸೋಮವಾರ ಇದೆ. ನಾಳೆ ತಾರೀಖು ಸರಿ ಮಾಡಿಕೊಂಡು ಹೋಗುತ್ತಾನೆ.

ತಾತನ ಮೊಮ್ಮಗ

ದೊಡ್ಡಮ್ಮ, ಬಳೆ ವಿಷಯ ನನಗೆ ಯಾರೂ ಹೇಳಿರಲಿಲ್ಲ. ತಿಂಗಳ ಎಡೆಗೆ ಖಂಡಿತ ಬರುತ್ತೇನೆ. ಅದು ಯಾವ ದಿನ? ಮುಂದಿನ ವರ್ಷದ್ದನ್ನೂ ಮೊಬೈಲಿನಲ್ಲಿ ಹಾಕಿಟ್ಟುಕೊಂಡಿದ್ದೇನೆ, ಅದೇ ತಾರೀಖಿಗೆ.

ಅರಕಲಗೂಡು ದೊಡ್ಡಮ್ಮ

ಮುಂದಿನ ವರ್ಷದ್ದನ್ನು ಅಳಿಸಿಬಿಡು ಮಗ. ವರ್ಷದ ಕಾರ್ಯ ಇಂಗ್ಲಿಷ್ ತಾರೀಖಿನ ಮೇಲೆ ಬರುವುದಿಲ್ಲ. ತಾತ ಹೋದ ಮಾಸ, ಪಕ್ಷ, ತಿಥಿ ನೋಡಿ ಪಂಚಾಂಗದಲ್ಲಿ ಆ ವರ್ಷ ಯಾವ ದಿನ ಬರುತ್ತದೋ ಅವತ್ತು. ಹತ್ತು ಹನ್ನೆರಡು ದಿನ ಹಿಂದೆ ಬರಬಹುದು, ಅಧಿಕಮಾಸ ಬಿದ್ದರೆ ಮುಂದಕ್ಕೂ ಹೋಗಬಹುದು. ಆಮೇಲಿನ ವರ್ಷಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಎಲ್ಲ ಹಿರಿಯರ ಜೊತೆ ತಾತನಿಗೂ ಎಡೆ ಇಡುತ್ತೇವೆ.

ತಿಂಗಳದ್ದು ಬರುವ ಮಂಗಳವಾರದ ಮುಂದಿನ ಮಂಗಳವಾರ. ಈ ಸಲ ವಾರವನ್ನೇ ಹೇಳಿದ್ದೇನೆ, ಎಣಿಸಬೇಡ. ಸೋಮವಾರ ರಾತ್ರಿಯೇ ಬಂದು ಮಲಗು. ಅಜ್ಜಿ ನಿನಗೆ ಉಪ್ಸಾರು ಮಾಡಿಸುತ್ತೇನೆ ಅಂದಿದ್ದಾರೆ. ಈಗ ಮನೆಯಲ್ಲಿ ದೀಪ ಹಚ್ಚುತ್ತಿದ್ದೇವೆ, ಒಗ್ಗರಣೆಯೂ ಹಾಕುತ್ತಿದ್ದೇವೆ. ಹೊರಡುವಾಗ ಅಜ್ಜಿಯ ಕಾಲಿಗೆ ಬಿದ್ದು "ಹೋಗಿ ಬರ್ತೀನಿ" ಅಂತ ಗಟ್ಟಿಯಾಗಿ ಹೇಳು, ಈಗ ಅವರಿಗೆ ಕಿವಿ ಸ್ವಲ್ಪ ಮಂದ.